ಓದಿ ಕೇಳಿದಾಗ ಸಿಕ್ಕ ತಪ್ಪುಗಳು: ಒಂದು ಪ್ಯಾರಾದ ಟಿಪ್ಪಣಿ

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಓದುವಾಗ ಯಾವುದಕ್ಕೆ ಕಿವಿ ಕೊಡಬೇಕು ಎಂಬುದು ನನಗೆ ಸ್ಪಷ್ಟವಾದದ್ದು ಸೂಳೆಕೆರೆಯ ಮೇಲೆ ನಾನೇ ಬರೆದ ಈ ಪ್ಯಾರಾದಿಂದ:

"ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ಹರಿಯುವಂತಹ ಹರಿದ್ರಾ ಹೊಳೆಗೆ ಅಡ್ಡಲಾಗಿ ನಿರ್ಮಿಸಲ್ಪಟ್ಟಿರುವ ಏರಿಯಿಂದ ಉಂಟಾದ ಸೂಳೆಕೆರೆಯು ಒಂದು ಪ್ರಾಚೀನ ಕೆರೆಯಾಗಿದೆ. ಈ ಕೆರೆಯು ಸಿದ್ಧನ ತೂಬು ಮತ್ತು ಬಸವನ ತೂಬು ಎಂಬ ಎರಡು ತೂಬುಗಳನ್ನು ಹೊಂದಿದೆ. ಈ ತೂಬುಗಳ ಮೂಲಕ ನೀರನ್ನು ಗದ್ದೆಗಳಿಗೆ ಹರಿಸಲಾಗುತ್ತದೆ. ಈ ಕೆರೆಯು ಶಾಂತಿಸಾಗರ ಎಂಬ ಹೆಸರಿನಿಂದಲೂ ಕರೆಯಲ್ಪಡುತ್ತದೆ."

ಕಣ್ಣಲ್ಲಿ ಓದಿದಾಗ ತಪ್ಪೇನೂ ಕಾಣಲಿಲ್ಲ. ಬಾಯಲ್ಲಿ ಓದಿದರೆ ಮೊದಲ ವಾಕ್ಯದಲ್ಲೇ ಉಸಿರು ಕಟ್ಟಿತು. ಯಾವುದರ ಬಗ್ಗೆ ಮಾತು ಎಂದು ಗೊತ್ತಾಗಲು ಹದಿನಾಲ್ಕು ಪದ ಕಾಯಬೇಕು. ಅದಕ್ಕಿಂತ ಮುಖ್ಯವಾಗಿ, ಆ ಹದಿನಾಲ್ಕರ ನಡುವೆ ನಿಲ್ಲಲು ಜಾಗವೇ ಇಲ್ಲ.

ಯಾಕೆಂದು ಯೋಚಿಸಿದೆ. 'ಹರಿಯುವ', 'ನಿರ್ಮಿಸಿದ', 'ಉಂಟಾದ' ಇವು ಕೃದಂತನಾಮಗಳು. ಮುಂದೆ ಬರುವ ನಾಮಪದಕ್ಕೆ ಒರಗಿ ನಿಲ್ಲುತ್ತವೆ. 'ನಿರ್ಮಿಸಿದ' ಎಂದು ಹೇಳಿ ಉಸಿರು ಎಳೆದುಕೊಂಡರೆ, ಕೇಳುವವರು 'ಏನನ್ನು?' ಎನ್ನುವ ಹಾಗೆ ಮುಖ ನೋಡುತ್ತಾರೆ. 'ಕಟ್ಟಿ', 'ಹರಿದು', 'ನಿಲ್ಲಿಸಿ' ಎಂಬ ಕೃದಂತಾವ್ಯಯಗಳ ಗುಣ ಬೇರೆ. ಅಲ್ಲೊಂದು ಕೆಲಸ ಮುಗಿದಿರುತ್ತದೆ, ಅರ್ಧ ಉಸಿರು ತೆಗೆದುಕೊಂಡು ಮುಂದೆ ಹೋಗಬಹುದು. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ 'ಎದ್ದು, ಮುಖ ತೊಳೆದು, ಬುತ್ತಿ ಕಟ್ಟಿಕೊಂಡು ಹೊರಟ' ಎಂದು ಎಷ್ಟು ಉದ್ದ ಎಳೆದರೂ ದಣಿವಾಗದಿರುವುದು ಇದಕ್ಕೇ. ಅಂದರೆ ತೊಂದರೆ ವಾಕ್ಯದ ಉದ್ದದ್ದಲ್ಲ, ಒರಗಿ ನಿಂತ ಪದಗಳ ಸಾಲಿನದು. ಮೂರು ಒರಗು ಒಟ್ಟಿಗೆ ಬಂದರೆ ಒಂದನ್ನಾದರೂ ಬಿಡಿಸಬೇಕು.

ಎರಡನೆಯದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಹಿಡಿದೆ. ಹಾಳೆಯಲ್ಲಿ 'ಕೆರೆಯು' ಎಂದಿದೆ, ನನ್ನ ಬಾಯಿ 'ಕೆರೆ' ಎಂದಿದೆ. 'ಹರಿಯುವಂತಹ' ಎಂದಿದ್ದನ್ನು 'ಹರಿಯುವ' ಎಂದು ಓದಿದ್ದೇನೆ. 'ನಿರ್ಮಿಸಲ್ಪಟ್ಟಿರುವ' ಬಂದಾಗ ನಾಲಿಗೆ ಎಡವಿ ಮತ್ತೆ ಶುರುಮಾಡಿದೆ. ಬಾಯಿ ತಾನಾಗಿ ತಿದ್ದಿದ ಇಂಥ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಂಡೆ. ತಿದ್ದುಪಡಿಯ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೂರನೆಯದು ವಾಕ್ಯದ ಬಾಲ. ಬರೀ ಕೊನೆಯ ಪದಗಳನ್ನು ಓದಿ ನೋಡಿ: ಕೆರೆಯಾಗಿದೆ, ಹೊಂದಿದೆ, ಹರಿಸಲಾಗುತ್ತದೆ, ಕರೆಯಲ್ಪಡುತ್ತದೆ. ಎಲ್ಲಾ 'ದೆ'! ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಅಪಾಯ ಯಾವಾಗಲೂ ಇರುತ್ತದೆ. ಬಿಡುಗಡೆಯ ದಾರಿಯೂ ಭಾಷೆಯಲ್ಲೇ ಇದೆ, ಕ್ರಿಯಾಪದವೇ ಇಲ್ಲದ ವಾಕ್ಯ. 'ಕೆರೆಗೆ ಎರಡು ತೂಬು' ಎಂದರೆ ಪೂರ್ತಿ ವಾಕ್ಯವಾಯಿತು. 'ಹೊಂದಿದೆ' ಬೇಡ, 'ಎರಡು' ಬಂದ ಮೇಲೆ 'ಗಳು' ಕೂಡ ಬೇಡ.

ಹುರುಪಿನಲ್ಲಿ ಮೊದಲು ತಿದ್ದಿದ್ದು ಹೀಗೆ: "ಇಲ್ಲಿ ಹರಿದ್ರಾ ಹೊಳೆ ಇದೆ. ಅದು ಎರಡು ಗುಡ್ಡಗಳ ನಡುವೆ ಹರಿಯುತ್ತದೆ. ಅದಕ್ಕೆ ಏರಿ ಕಟ್ಟಿದ್ದಾರೆ." ಓದಿದರೆ ಒಂದನೇ ತರಗತಿಯ ಪಾಠ. ಉಸಿರಿಗೆ ಕಷ್ಟವಿಲ್ಲ, ಆದರೆ ಹೆಜ್ಜೆಹೆಜ್ಜೆಗೂ ಬ್ರೇಕ್ ಹಾಕುವ ಬಸ್ಸಿನಲ್ಲಿ ಕೂತ ಹಾಗೆ. ಮತ್ತೆ 'ಕಟ್ಟಿ' ತಂದು ಹೆಣೆದೆ:

"ಚನ್ನಗಿರಿ ತಾಲ್ಲೂಕಿನಲ್ಲಿ ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ಹಾದು ಬರುತ್ತದೆ. ಆ ಸಂದಿಗೆ ಅಡ್ಡವಾಗಿ ಏರಿ ಕಟ್ಟಿ ಹಿಂದಿನವರು ನೀರು ನಿಲ್ಲಿಸಿದರು. ಅದೇ ಸೂಳೆಕೆರೆ, ಶಾಂತಿಸಾಗರ ಎಂದೂ ಹೆಸರು. ಕೆರೆಗೆ ಎರಡು ತೂಬು, ಒಂದು ಸಿದ್ಧನದು, ಇನ್ನೊಂದು ಬಸವನದು. ಅಲ್ಲಿಂದ ನೀರು ಗದ್ದೆಗೆ ಹರಿಯುತ್ತದೆ."

'ದಾವಣಗೆರೆ ಜಿಲ್ಲೆ' ಬಿಟ್ಟುಹೋಗಿದೆ, ಬೇಕೆಂದೇ ಬಿಟ್ಟೆ. ಲೇಖನದ ತಲೆಬರಹದ ಕೆಳಗೇ ಅದು ಬಂದಿತ್ತು. ಪರೀಕ್ಷೆಯ ಉತ್ತರವಾಗಿದ್ದರೆ ಸೇರಿಸುತ್ತಿದ್ದೆ.

ಗಟ್ಟಿಯಾಗಿ ಓದಿ ನೋಡುವ ಈ ವಿಧಾನ ಎಲ್ಲಿ ಮೋಸಹೋಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬರೆದ ದಿನವೇ ಓದಿದರೆ ಅರ್ಥ ತಲೆಯಲ್ಲಿರುತ್ತದೆ, ದನಿಯ ಏರಿಳಿತದಿಂದ ಕೆಟ್ಟ ವಾಕ್ಯವನ್ನೂ ದಾಟಿಸಿಬಿಡುತ್ತೇವೆ. ಮುಂಚೆ ನೋಡಿರದ ಯಾರಿಗಾದರೂ ಹಾಳೆ ಕೊಟ್ಟು ಓದಿಸಿ, ಅವರು ಎಡವಿ ಹಿಂದಕ್ಕೆ ಹೋಗುವ ಜಾಗ ಗುರುತಿಸಿ. ಕಾಗುಣಿತಕ್ಕಂತೂ ಕಿವಿ ಸಾಲದು: ನಮ್ಮಲ್ಲಿ ಬಹಳ ಜನ 'ಶ', 'ಷ' ಎರಡನ್ನೂ ಒಂದೇ ಥರ ಉಚ್ಚರಿಸುವುದರಿಂದ 'ವಿಶೇಶ' ಎಂದು ಬರೆದಿದ್ದರೂ ಕೇಳಲು ಸರಿಯಾಗೇ ಇರುತ್ತದೆ. ಅದಕ್ಕೆ ಕೊನೆಗೊಂದು ಸಲ ಬಾಯಿ ಮುಚ್ಚಿಕೊಂಡು, ಬೆರಳಿಟ್ಟು ಓದಬೇಕು.