ದೇಶಗಳು ನೋಡುವುದು ಲಾಭ ಮಾತ್ರ ಅಲ್ವಾ? ಮತ್ತೆ ವಿಚಾರಕ್ಕೆ ಅಲ್ಲೇನು ಕೆಲಸ?

ಪ್ರಶ್ನೆ: "ಸರ್, ಅಂತಾರಾಷ್ಟ್ರೀಯ ರಾಜಕೀಯದಲ್ಲಿ ಕೊನೆಗೆ ಎಲ್ಲ ದೇಶಗಳೂ ನೋಡೋದು ಅವರವರ ಲಾಭವನ್ನೇ. ಹಾಗಿರುವಾಗ ರಚನಾವಾದ ಹೇಳುವ ವಿಚಾರ, ಗುರುತು ಎಲ್ಲ ಸುಮ್ನೆ ಮೇಲೆ ಬಳಿದ ಬಣ್ಣ ಅಲ್ವಾ?"

ಇಂಗ್ಲಿಷಿನಲ್ಲಿ ಕನ್‌ಸ್ಟ್ರಕ್ಟಿವಿಸಂ, ನಮ್ಮ ಪಠ್ಯಗಳಲ್ಲಿ ರಚನಾವಾದ. ದೇಶಗಳ ನಡೆಯನ್ನು ಅವುಗಳ ವಿಚಾರ, ಗುರುತು ರೂಪಿಸುತ್ತವೆ ಅನ್ನುವ ಸಿದ್ಧಾಂತ. ರಾಜ್ಯಶಾಸ್ತ್ರ ಓದುವವರು ಈ ಪಾಠಕ್ಕೆ ಬಂದ ಕೂಡಲೇ ಈ ಪ್ರಶ್ನೆ ಕೇಳುತ್ತಾರೆ. ಕೇಳಬೇಕಾದದ್ದೇ.

ಮೊದಲು ಒಂದು ತಪ್ಪು ತಿಳುವಳಿಕೆ ಸರಿಮಾಡಿಕೊಳ್ಳೋಣ. ದೇಶಗಳು ಲಾಭ ನೋಡುವುದಿಲ್ಲ ಅಂತ ರಚನಾವಾದ ಹೇಳುವುದಿಲ್ಲ. ಅದು ಒಂದು ಹೆಜ್ಜೆ ಹಿಂದೆ ಹೋಗಿ, ಯಾವುದು ತನಗೆ ಲಾಭ ಅಂತ ಒಂದು ದೇಶ ತೀರ್ಮಾನಿಸುವುದು ಹೇಗೆ ಅಂತ ಕೇಳುತ್ತದೆ. ತಾನು ಯಾರು, ಯಾರ ಸಾಲಿನಲ್ಲಿ ನಿಲ್ಲುವವನು ಎಂಬ ಲೆಕ್ಕ ಮೊದಲು, ಏನು ಬೇಕು ಎಂಬುದು ಆಮೇಲೆ. ಮದುವೆ ಮನೆಯಲ್ಲಿ ಎಷ್ಟು ಮುಯ್ಯಿ ಹಾಕಬೇಕು ಅನ್ನುವುದು ಜೇಬು ನೋಡಿ ಮಾತ್ರ ತೀರ್ಮಾನವಾಗುವುದಿಲ್ಲ. ನಾವು ಅವರಿಗೆ ಏನಾಗಬೇಕು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಇದನ್ನು ಬರೀ ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಾನೂ ನಂಬಿರಲಿಲ್ಲ. ಅದಕ್ಕೆ ಒಂದೇ ಒಂದು ಪ್ರಕರಣ ಹಿಡಿದು ನೋಡೋಣ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಬಿದ್ದ ದಿಗ್ಬಂಧನ. ಆಡೀ ಕ್ಲಾಟ್ಜ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಇದನ್ನು ರಚನಾವಾದದ ಕಣ್ಣಿನಿಂದ ವಿವರವಾಗಿ ನೋಡಿದ್ದರು. ನನಗೆ ಇದು ಇಷ್ಟವಾಗಲು ಬೇರೆ ಕಾರಣವಿದೆ. ನಮ್ಮ ಚಿಕ್ಕಪ್ಪನ ಎಂಬತ್ತರ ದಶಕದ ಪಾಸ್‌ಪೋರ್ಟ್ ಇನ್ನೂ ಮನೆಯಲ್ಲಿದೆ. ಅದು ದಕ್ಷಿಣ ಆಫ್ರಿಕಾಕ್ಕೆ ಹೋಗಲು ನಡೆಯುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಚಿಕ್ಕಂದಿನಲ್ಲಿ ನನಗದು ವಿಚಿತ್ರ ಅನಿಸುತ್ತಿತ್ತು. ಯುದ್ಧವಿಲ್ಲ, ಗಡಿ ತಂಟೆ ಇಲ್ಲ, ಸಾವಿರಾರು ಮೈಲಿ ದೂರದ ದೇಶ. ಅದರ ಮೇಲೇಕೆ ಇಷ್ಟು ಸಿಟ್ಟು?

ಕಥೆ ಶುರುವಾಗುವುದು 1946ರಲ್ಲಿ. ಅಲ್ಲಿನ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ಕೂಡದು ಅಂತ ಕಟ್ಟುಪಾಡು ಹಾಕುವ ಕಾನೂನು ಬಂತು. ಭಾರತಕ್ಕೆ ಆಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಆದರೂ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ನಮ್ಮ ರಫ್ತಿನ ಸುಮಾರು ಶೇ 5ರಷ್ಟು ಆಗ ಅಲ್ಲಿಗೇ ಹೋಗುತ್ತಿತ್ತು. ಬಡ ದೇಶಕ್ಕೆ ಅದು ಚಿಲ್ಲರೆ ಮೊತ್ತವಲ್ಲ. ದೂರು ವಿಶ್ವಸಂಸ್ಥೆಗೂ ಹೋಯಿತು. ಭಾರತದ ಪರವಾಗಿ ವಿಜಯಲಕ್ಷ್ಮಿ ಪಂಡಿತ್ ವಾದ ಮಂಡಿಸಿದರು. ಇದು ನಮ್ಮ ಮನೆಯೊಳಗಿನ ವಿಷಯ, ಹೊರಗಿನವರು ಕೈ ಹಾಕಬೇಡಿ ಅಂತ ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್ ಹೇಳಿದರು. ಮತಕ್ಕೆ ಹಾಕಿದಾಗ ಭಾರತದ ಪರ 32, ವಿರುದ್ಧ 15. ವಿರುದ್ಧ ಮತ ಹಾಕಿದವರಲ್ಲಿ ಬ್ರಿಟನ್ ಇತ್ತು, ಅಮೆರಿಕವೂ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಈಗ 40 ವರ್ಷ ಮುಂದಕ್ಕೆ ಬನ್ನಿ. 1986ರ ಅಕ್ಟೋಬರ್ 2. ಅಮೆರಿಕದ ಸೆನೆಟ್ ತನ್ನದೇ ಅಧ್ಯಕ್ಷ ರೊನಾಲ್ಡ್ ರೇಗನ್ ಹಾಕಿದ ವೀಟೊವನ್ನು 78–21 ಮತಗಳಿಂದ ಬದಿಗೆ ಸರಿಸಿ, ದಕ್ಷಿಣ ಆಫ್ರಿಕಾದ ಮೇಲೆ ದಿಗ್ಬಂಧನದ ಕಾನೂನು ಜಾರಿ ಮಾಡಿತು. ಮೂರು ದಿನ ಮೊದಲು ಕೆಳಮನೆಯಲ್ಲಿ 313–83. ಆಗ ಸೆನೆಟ್‌ನಲ್ಲಿ ಬಹುಮತ ಇದ್ದದ್ದು ರೇಗನ್‌ರ ರಿಪಬ್ಲಿಕನ್ ಪಕ್ಷಕ್ಕೇ. ಅಂದರೆ ಅವರ ಪಕ್ಷದವರೇ ಅವರ ವಿರುದ್ಧ ಎದ್ದು ನಿಂತಿದ್ದರು. ಹೊಸ ಹೂಡಿಕೆ ಬಂದ್, ಕಲ್ಲಿದ್ದಲು, ಉಕ್ಕು, ಯುರೇನಿಯಂ ಆಮದು ಬಂದ್, ನೇರ ವಿಮಾನ ಬಂದ್.

ಬರೀ ಲಾಭದ ಲೆಕ್ಕ ಹಾಕುವವನಿಗೆ ಇದು ತಲೆನೋವಿನ ಪ್ರಶ್ನೆ. ದಕ್ಷಿಣ ಆಫ್ರಿಕಾದಲ್ಲಿ ಕ್ರೋಮಿಯಂ, ಪ್ಲಾಟಿನಂ, ಮ್ಯಾಂಗನೀಸ್ ಇತ್ತು. ಅಮೆರಿಕದ ಕಂಪನಿಗಳ ದುಡ್ಡು ಅಲ್ಲಿತ್ತು. ಎಲ್ಲಕ್ಕಿಂತ ಜಾಸ್ತಿ, ಅದು ಕಮ್ಯುನಿಸ್ಟ್ ವಿರೋಧಿ ದೇಶ. ಪಕ್ಕದ ಅಂಗೋಲಾದಲ್ಲಿ ಕ್ಯೂಬಾದ ಸೈನಿಕರು ಬೀಡುಬಿಟ್ಟಿದ್ದರು. ಅವರ ವಿರುದ್ಧ ಹೋರಾಡುತ್ತಿದ್ದ ಯೂನಿಟಾ ಗುಂಪಿನ ಬೆನ್ನಿಗೆ ದಕ್ಷಿಣ ಆಫ್ರಿಕಾ ನಿಂತಿತ್ತು, ಅದೇ 1986ರಲ್ಲಿ ಅಮೆರಿಕವೂ ಅದಕ್ಕೆ ಆಯುಧ ಕೊಟ್ಟಿತು. ಶೀತಲ ಸಮರ ಮುಗಿದಿತ್ತು, ಅದಕ್ಕೇ ದಕ್ಷಿಣ ಆಫ್ರಿಕಾ ಬೇಡವಾಯಿತು ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಒಂದೇ ವರ್ಷ, ಒಂದೇ ದೇಶ, ಒಂದು ಕೈಯಲ್ಲಿ ದಕ್ಷಿಣ ಆಫ್ರಿಕಾದ ಗೆಳೆಯನಿಗೆ ಕ್ಷಿಪಣಿ, ಇನ್ನೊಂದು ಕೈಯಲ್ಲಿ ಅದರ ರಾಜಧಾನಿ ಪ್ರಿಟೋರಿಯಾಕ್ಕೇ ದಿಗ್ಬಂಧನ.

ಹಾಗಾದರೆ 1946ಕ್ಕೂ 1986ಕ್ಕೂ ನಡುವೆ ಬದಲಾದದ್ದೇನು? ಖನಿಜಗಳು ಅಲ್ಲೇ ಇದ್ದವು. ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಹೋಗುವ ಹಡಗಿನ ದಾರಿಯೂ ಅಲ್ಲೇ ಇತ್ತು. ಬದಲಾದದ್ದು ಅಮೆರಿಕ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತದೆ ಎಂಬುದು. 1946ರಲ್ಲಿ ಅದರ ದಕ್ಷಿಣದ ರಾಜ್ಯಗಳಲ್ಲೇ ಕರಿಯರಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಬೇರೆ ಸೀಟು. ಅಂಥ ದೇಶ ಪ್ರಿಟೋರಿಯಾಕ್ಕೆ ಬುದ್ಧಿ ಹೇಳುವುದು ಯಾವ ಬಾಯಿಂದ? ನಂತರ ನಾಗರಿಕ ಹಕ್ಕುಗಳ ಚಳವಳಿ ನಡೆಯಿತು, ಜನಾಂಗಭೇದ ನಿಷೇಧಿಸುವ, ಕರಿಯರ ಮತದಾನದ ಹಕ್ಕು ಕಾಯುವ 1964 ಮತ್ತು 1965ರ ಕಾನೂನುಗಳು ಬಂದವು. ಒಂದು ತಲೆಮಾರು ಕಳೆಯುವಷ್ಟರಲ್ಲಿ, ಜನಾಂಗದ ಹೆಸರಲ್ಲಿ ಭೇದ ಮಾಡುವುದು ಅಮೆರಿಕದ ಗುಣವಲ್ಲ ಎಂಬುದು ಅಲ್ಲಿ ಯಾರೂ ಬಹಿರಂಗವಾಗಿ ಅಲ್ಲಗಳೆಯಲಾಗದ ಮಾತಾಗಿತ್ತು. ಮನೆಯಲ್ಲಿ ಎಲ್ಲ ಸರಿಹೋಗಿತ್ತು ಅಂತಲ್ಲ, ಖಂಡಿತ ಅಲ್ಲ. ಆದರೆ ಹೇಳಿಕೊಳ್ಳುವ ಮಾತು ಬದಲಾದರೆ, ಅದನ್ನು ಹಿಡಿದು ಜಗ್ಗುವುದಕ್ಕೆ ಒಂದು ಹಗ್ಗ ಸಿಕ್ಕಂತೆ.

ಜಗ್ಗಿದವರೂ ಇದ್ದರು. 1984ರ ನವೆಂಬರಿನಲ್ಲಿ ಅಮೆರಿಕದ ಕರಿಯ ಹೋರಾಟಗಾರ ರ್‍ಯಾಂಡಲ್ ರಾಬಿನ್ಸನ್ ಮತ್ತು ಜೊತೆಯವರು ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿಗೆ ಮಾತುಕತೆಗೆಂದು ಹೋಗಿ, ಎದ್ದು ಹೋಗುವುದಿಲ್ಲ ಅಂತ ಅಲ್ಲೇ ಕೂತುಬಿಟ್ಟರು. ಬಂಧನವಾಯಿತು. ಆಮೇಲೆ ಬಾಗಿಲ ಮುಂದೆ ದಿನಾ ಪ್ರತಿಭಟನೆ, ದಿನಾ ಬಂಧನ. ಪಾದ್ರಿಗಳು, ಸಂಸದರು, ಸಿನಿಮಾದವರು ಸರದಿಯಲ್ಲಿ ಬಂದು ಬಂಧನಕ್ಕೆ ಒಳಗಾದರು. ನಾಗರಿಕ ಹಕ್ಕಿನ ಹೋರಾಟದ ಚಿತ್ರ ಮತ್ತೆ ಟಿವಿಯಲ್ಲಿ ಬಂದಂತಾಯಿತು, ಅವರಿಗೆ ಬೇಕಾಗಿದ್ದದ್ದೂ ಅದೇ. ಡಿಸೆಂಬರಿನಲ್ಲಿ 35 ಮಂದಿ ಕನ್ಸರ್ವೇಟಿವ್ ರಿಪಬ್ಲಿಕನ್ ಸಂಸದರು ದಕ್ಷಿಣ ಆಫ್ರಿಕಾದ ರಾಯಭಾರಿಗೆ ಪತ್ರ ಬರೆದು, ನೀವು ಬದಲಾಗದಿದ್ದರೆ ನಾವೇ ದಿಗ್ಬಂಧನಕ್ಕೆ ಬೆಂಬಲ ಕೊಡುತ್ತೇವೆ ಅಂದರು. ಕರಿಯರ ಓಟು ಇವರಿಗೆ ಹೆಚ್ಚೇನೂ ಬರುತ್ತಿರಲಿಲ್ಲ. ಅವರ ಚಿಂತೆ ಬೇರೆ. ತಮ್ಮ ಪಕ್ಷಕ್ಕೆ ಜನಾಂಗವಾದಿ ಎಂಬ ಹಣೆಪಟ್ಟಿ ಅಂಟಬಾರದು.

ಇಲ್ಲಿ ನೀವು ಹಿಡಿಯಬಹುದು: "ನೋಡಿ ಸರ್, ಕೊನೆಗೆ ಪಕ್ಷದ ಲಾಭವೇ ಬಂತಲ್ಲ!" ಬಂತು, ಒಪ್ಪಿದೆ. ಆದರೆ ಆ ಹಣೆಪಟ್ಟಿಗೆ ಹೆದರುವಂಥ ತೂಕ ಬಂದದ್ದು ಎಲ್ಲಿಂದ? 1946ರಲ್ಲಿ ಅದೇ ಅಮೆರಿಕದಲ್ಲಿ ಜನಾಂಗಭೇದದ ಮಾತನ್ನೇ ಬಹಿರಂಗವಾಗಿ ಹೇಳಿ ಗೆದ್ದು ಬರುತ್ತಿದ್ದರು. ಲಾಭ ನಷ್ಟದ ತಕ್ಕಡಿ ಇದ್ದೇ ಇರುತ್ತದೆ, ಬದಲಾದದ್ದು ಅದರಲ್ಲಿಟ್ಟ ತೂಕದ ಬಟ್ಟು.

ಇನ್ನೊಂದು ಗಟ್ಟಿ ಆಕ್ಷೇಪಣೆ ಇದೆ. 1985ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಲಭೆ ಜೋರಾಗಿ ತುರ್ತು ಪರಿಸ್ಥಿತಿ ಬಂತು, ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ಸಾಲ ಮುಂದುವರಿಸಲು ಒಪ್ಪಲಿಲ್ಲ. ಅಂದರೆ ಅಲ್ಲಿ ದುಡ್ಡು ಹಾಕುವುದೇ ಅಪಾಯ ಅನ್ನಿಸಿದ್ದರಿಂದ ಎಲ್ಲರೂ ಕೈ ತೊಳೆದುಕೊಂಡರು ಅನ್ನಬಹುದಲ್ಲ? ಬ್ಯಾಂಕಿನ ಮಟ್ಟಿಗೆ ಇದು ನಿಜವೇ. ಆದರೆ ದುಡ್ಡು ಅಪಾಯದಲ್ಲಿದ್ದರೆ ಬ್ಯಾಂಕು ತಾನೇ ಹೊರಗೆ ಬರುತ್ತದೆ, ಅಲ್ಲಿ ದುಡ್ಡು ಹಾಕಬೇಡಿ ಅಂತ ಕಾನೂನು ಮಾಡಲು ಸಂಸತ್ತು ಬೇಕಾಗಿಲ್ಲ. ಭಾರತ ವ್ಯಾಪಾರ ನಿಲ್ಲಿಸಿದ 1946ರಲ್ಲಂತೂ ಅಂಥ ಯಾವ ಅಪಾಯವೂ ಇರಲಿಲ್ಲ.

ಹಾಗಂತ ರಚನಾವಾದಕ್ಕೆ ಪೂರ್ತಿ ಗೆಲುವು ಬರೆದುಕೊಡಬೇಡಿ. ಅದೇ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ತೆರೆದೇ ಇತ್ತು. ಅಮೆರಿಕದ ರಕ್ಷಣೆಗೆ ಅತ್ಯಗತ್ಯ, ಬೇರೆ ಕಡೆ ನಂಬಿಕೆಯಿಂದ ಸಿಗುವುದಿಲ್ಲ ಎನ್ನುವ ಖನಿಜಗಳಿಗೆ ವಿನಾಯಿತಿ. ತತ್ವ ಎಷ್ಟೇ ದೊಡ್ಡದಿದ್ದರೂ ಕ್ರೋಮಿಯಂ ಬೇಕೇ ಬೇಕಿತ್ತು.

ಈಗ ಪರೀಕ್ಷೆಯಲ್ಲೂ ಚರ್ಚೆಯಲ್ಲೂ ಬಹಳ ಜನ ಎಡವುವ ಜಾಗ. "ನೀತಿ ಏಕೆ ಬದಲಾಯಿತು? ವಿಚಾರ ಬದಲಾಯಿತು. ವಿಚಾರ ಬದಲಾದದ್ದು ಹೇಗೆ ಗೊತ್ತು? ನೀತಿ ಬದಲಾಯಿತಲ್ಲ." ಇದು ಗಾಣದೆತ್ತಿನ ವಾದ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ನೀತಿ ಬದಲಾಗುವುದಕ್ಕೆ ಮೊದಲೇ, ಅದರಿಂದ ಬೇರೆಯಾಗಿ, ವಿಚಾರ ಬದಲಾದ ಕುರುಹು ಸಿಗಬೇಕು. ನಾನು ಮೊದಲು ನೋಡುವುದು ಸೋತವರ ಮಾತು. ರೇಗನ್ ವೀಟೊ ಹಾಕಿದಾಗ ವರ್ಣಭೇದ ಒಳ್ಳೆಯದು ಅನ್ನಲಿಲ್ಲ, ನಮಗೆ ಖನಿಜ ಮುಖ್ಯ ಅಂತ ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಅದು ತಪ್ಪೇ, ಆದರೆ ದಿಗ್ಬಂಧನದಿಂದ ಮೊದಲು ಪೆಟ್ಟು ಬೀಳುವುದು ಕರಿಯ ಕಾರ್ಮಿಕರಿಗೇ ಅಂದರು. ವಿರೋಧಿಸುವವನೂ ಎದುರು ಪಕ್ಷದ ಅಳತೆಗೋಲನ್ನೇ ಹಿಡಿದು ಮಾತಾಡಬೇಕಾಗಿ ಬಂದಿದೆ ಅಂದರೆ, ಆ ಅಳತೆಗೋಲು ಬೇರೂರಿದೆ ಅಂತಲೇ ಅರ್ಥ. (ರೇಗನ್ ನೀತಿಗೆ ಇದ್ದ ಹೆಸರು ಕನ್‌ಸ್ಟ್ರಕ್ಟಿವ್ ಎಂಗೇಜ್‌ಮೆಂಟ್. ಅದಕ್ಕೂ ಕನ್‌ಸ್ಟ್ರಕ್ಟಿವಿಸಂಗೂ ಏನೂ ಸಂಬಂಧವಿಲ್ಲ. ಉತ್ತರಪತ್ರಿಕೆಯಲ್ಲಿ ಕಲಸಿಬಿಡಬೇಡಿ.)

ಮತ್ತೆ, ವಿಚಾರ ಅಂದರೆ ಒಳ್ಳೆಯ ವಿಚಾರ ಅಂತಲ್ಲ. ವರ್ಣಭೇದವೂ ಒಂದು ವಿಚಾರವೇ. ಆ ಸರ್ಕಾರ ತನ್ನನ್ನು ಆಫ್ರಿಕಾದ ತುದಿಯಲ್ಲಿರುವ ಬಿಳಿಯರ ಪಾಶ್ಚಾತ್ಯ ದೇಶ ಅಂದುಕೊಂಡಿತ್ತು. ಕ್ರೀಡೆಯ ಬಹಿಷ್ಕಾರ ಅವರಿಗೆ ಅಷ್ಟು ಉರಿದದ್ದು ಅದಕ್ಕೇ. ರಗ್ಬಿ, ಕ್ರಿಕೆಟ್ ಆಡದಿದ್ದರೆ ಬೊಕ್ಕಸಕ್ಕೆ ಎಷ್ಟು ನಷ್ಟವಾದೀತು? ಆದರೆ ನೆಂಟರೆಂದು ಎಣಿಸಿದವರೇ ಪಂಕ್ತಿಯಿಂದ ಎಬ್ಬಿಸಿದರೆ ಆಗುವ ಅವಮಾನ ಬೇರೆ.

ಅದರ ಬೆಲೆ ನಾವೂ ತೆತ್ತಿದ್ದೇವೆ. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ಭಾರತ ತಂಡ ಆಸ್ಟ್ರೇಲಿಯಾವನ್ನು, ಆಮೇಲೆ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಡೇವಿಸ್ ಕಪ್ ಫೈನಲ್‌ಗೆ ಬಂತು. ಎದುರಾಳಿ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ, ಒಂದು ಚೆಂಡನ್ನೂ ಹೊಡೆಯದೆ ಕಪ್ ಬಿಟ್ಟುಕೊಟ್ಟಿತು. ಅದು ಇವತ್ತಿಗೂ ನಮಗೆ ಸಿಕ್ಕಿಲ್ಲ. ನಮ್ಮ ಚಿಕ್ಕಪ್ಪ ಟೆನಿಸ್ ಹುಚ್ಚಿನವರು, ಆ ಮಾತು ಎತ್ತಿದರೆ ಈಗಲೂ ಮುಖ ಸಣ್ಣ ಮಾಡುತ್ತಾರೆ. ಹಾಗಾದರೆ ಆಡಬೇಕಿತ್ತಾ ಅಂತ ಒಮ್ಮೆ ಕೇಳಿದೆ. "ಛೆ, ಎಲ್ಲಾದರೂ ಉಂಟಾ? ಅವರ ಜೊತೆ ಹೇಗೋ ಆಡೋದು?" ಅಂದರು.

ವರ್ಣಭೇದದ ಮುಖ್ಯ ಕಾನೂನುಗಳು 1991ರಲ್ಲಿ ರದ್ದಾದವು. ಅದೇ ವರ್ಷ ನವೆಂಬರ್ 10ರಂದು, ಬಹಿಷ್ಕಾರ ಮುಗಿಸಿ ಬಂದ ದಕ್ಷಿಣ ಆಫ್ರಿಕಾ ತನ್ನ ಮೊದಲ ಅಂತಾರಾಷ್ಟ್ರೀಯ ಕ್ರಿಕೆಟ್ ಪಂದ್ಯ ಆಡಿದ್ದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಮರುವರ್ಷ ನಮ್ಮ ತಂಡ ಅಲ್ಲಿಗೆ ಹೋಯಿತು, ಜೋಹಾನ್ಸ್‌ಬರ್ಗ್ ಟೆಸ್ಟ್‌ನಲ್ಲಿ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 6 ವಿಕೆಟ್ ಕಿತ್ತರು. ಆ ದಶಕದ ಕೊನೆಗೆ ಚಿಕ್ಕಪ್ಪ ಹೊಸ ಪಾಸ್‌ಪೋರ್ಟ್ ಮಾಡಿಸಿದರು. ಅದರಲ್ಲಿ ಆ ಸಾಲು ಇಲ್ಲ.