ಮೂವರು ಪಾಲುದಾರರು, ಮೂರು ಹೆಸರು: ಮಾನದಂಡ ಮತ್ತು ಪ್ರಯೋಗದಿಂದ ಆಯ್ಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮೂವರು ಸೇರಿ ಹಲಸಿನ ಹಪ್ಪಳದ ಉದ್ಯಮ ಆರಂಭಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ‘ಚಂದ್ರಗಿರಿ’, ಇನ್ನೊಬ್ಬರಿಗೆ ‘ಹೊಂಗಿರಣ’, ಮತ್ತೊಬ್ಬರಿಗೆ ‘ಜಗಲಿ’ ಎಂಬ ಹೆಸರು ಬೇಕು. ಮತಕ್ಕೆ ಹಾಕಿದರೆ ಒಂದೊಂದಕ್ಕೂ ಒಂದೇ ಮತ ಬೀಳುತ್ತದೆ. ಆದ್ದರಿಂದ ಹೆಸರುಗಳನ್ನು ಬದಿಗಿರಿಸಿ, ತಮ್ಮ ಹಪ್ಪಳದ ಹೆಸರಿನಿಂದ ಏನೇನು ಆಗಬೇಕೆಂಬುದನ್ನು ಮೊದಲು ಬರೆದು ಮೂವರೂ ಸಹಿ ಹಾಕಬೇಕು. ಈ ಕ್ರಮವೇ ಮುಖ್ಯ. ಫಲಿತಾಂಶ ಕಂಡ ಮೇಲೆ ಮಾನದಂಡ ತಿದ್ದಲು ಅವಕಾಶವಿದ್ದರೆ ಜಗಳ ಹೆಸರಿನಿಂದ ಮಾನದಂಡಕ್ಕೆ ವರ್ಗಾವಣೆಯಾಗುತ್ತದೆ, ಅಷ್ಟೆ.

ಮಾನದಂಡಗಳಲ್ಲಿ ಕೆಲವು ದಾಟಲೇಬೇಕಾದವು, ಕೆಲವು ಅಳೆಯಬೇಕಾದವು. ಟ್ರೇಡ್‌ಮಾರ್ಕ್ ನೋಂದಣಿಗೆ ಅಡ್ಡಿಯಿರಬಾರದು ಎಂಬುದು ಮೊದಲ ಬಗೆಯದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸರಕಿನ ಗುಣವನ್ನೋ ಅದು ಬರುವ ಸ್ಥಳವನ್ನೋ ಮಾತ್ರ ಸೂಚಿಸುವ ಪದ, ಬಳಕೆಯಿಂದ ವೈಶಿಷ್ಟ್ಯ ಗಳಿಸಿದ್ದನ್ನು ತೋರಿಸದಿದ್ದರೆ, ತಿರಸ್ಕೃತವಾಗಬಹುದು. 11ನೇ ಕಲಮು ಈಗಾಗಲೇ ಇರುವ ಹೆಸರುಗಳ ಹೋಲಿಕೆಗೆ ಸಂಬಂಧಿಸಿದ್ದು. ‘ಚಂದ್ರಗಿರಿ’ ಕಾಸರಗೋಡಿನ ಹೊಳೆಯ ಹೆಸರಾದ್ದರಿಂದ ಆಕ್ಷೇಪದ ಅಪಾಯ ಹೆಚ್ಚು, ಹೀಗಾಗಿ ಅದು ಇಲ್ಲಿಯೇ ಹೊರಗುಳಿಯುತ್ತದೆ. ಸೂಚಿಸಿದವರು ತಾವೇ ಸಹಿ ಹಾಕಿದ ನಿಯಮವಾದ್ದರಿಂದ ಅದನ್ನು ಸೋಲೆಂದು ಭಾವಿಸುವ ಸಂಭವ ಕಡಿಮೆ. ಉಳಿದೆರಡನ್ನು ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ಅಕ್ಷರದಿಂದಷ್ಟೇ ಅಲ್ಲ, ಧ್ವನಿಸಾಮ್ಯದಿಂದಲೂ ಹುಡುಕಬೇಕು.

ಇನ್ನು ಪ್ರಯೋಗ. ಇಲ್ಲಿನ ಅಂಗಡಿಗಳಿಂದ ಬೇಡಿಕೆ ಫೋನಿನಲ್ಲಿ, ಕನ್ನಡ, ತುಳು ಅಥವಾ ಮಲಯಾಳದಲ್ಲಿ ಬರುತ್ತದೆ. ಹಾಗಾಗಿ ಹೆಸರನ್ನು ಒಮ್ಮೆ ಕೇಳಿದವರು ಸರಿಯಾಗಿ ಬರೆಯುತ್ತಾರೆಯೇ ಎಂಬುದನ್ನು ಅಳೆಯುವುದು ಸೂಕ್ತ. ಒಂದೊಂದು ಹೆಸರನ್ನು ಬೇರೆ ಬೇರೆ 20 ಮಂದಿಗೆ ಹೇಳಿ, ಅವರವರ ಲಿಪಿಯಲ್ಲಿ ಬರೆಯಲು ಕೇಳಿ, ಮರುದಿನ ನೆನಪಿದೆಯೇ ಎಂದು ವಿಚಾರಿಸಬೇಕು. ‘ಜಗಲಿ’ಯನ್ನು 17 ಮಂದಿ, ‘ಹೊಂಗಿರಣ’ವನ್ನು 9 ಮಂದಿ ಸರಿಯಾಗಿ ಬರೆದು, ಮರುದಿನ ಕ್ರಮವಾಗಿ 12 ಮತ್ತು 11 ಮಂದಿ ನೆನಪಿಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಮೊದಲ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಎರಡನೆಯದು ಒಬ್ಬರ ಅಂತರವಾದ್ದರಿಂದ ಅದನ್ನು ಸಮವೆಂದೇ ಬಗೆಯಬೇಕು. ಎಷ್ಟು ಅಂತರವನ್ನು ಗೆಲುವೆನ್ನಬೇಕು, ಸಮವಾದರೆ ಯಾವ ಮಾನದಂಡ ನಿರ್ಣಾಯಕ ಎಂಬುದನ್ನೂ ಮೊದಲೇ ಬರೆದಿಡಬೇಕು.

ಈ ಪರೀಕ್ಷೆ ಸಾಮಾನ್ಯವಾಗಿ ಕೆಡುವುದು ಪ್ರಶ್ನೆ ಕೇಳುವವರಿಂದ. ಪ್ರತಿಯೊಬ್ಬರೂ ತಮ್ಮ ನೆಂಟರನ್ನೇ ಕೇಳಿದರೆ, ಯಾರು ಕೇಳಿದರೋ ಅವರ ಹೆಸರೇ ಗೆಲ್ಲುತ್ತದೆ. ಫಲಿತಾಂಶದ ಪಟ್ಟಿಯಲ್ಲಿ ಈ ಒಲವು ಕಂಡರೆ ಅದನ್ನು ಕೈಬಿಟ್ಟು, ಯಾವ ಹೆಸರು ಯಾರದೆಂದು ತಿಳಿಯದ ಹೊರಗಿನವರೊಬ್ಬರಿಂದ ಮತ್ತೆ ನಡೆಸಬೇಕು. ಅಂಗಡಿಯಲ್ಲೂ ಪರೀಕ್ಷಿಸುವುದಾದರೆ ಹಪ್ಪಳ, ಬೆಲೆ, ಪೊಟ್ಟಣ ಒಂದೇ ಇರಲಿ, ಲೇಬಲ್ ಮಾತ್ರ ಬೇರೆಯಾಗಲಿ. ಒಂದು ವಾರದ ಬಳಿಕ ಎರಡು ಅಂಗಡಿಗಳ ಲೇಬಲ್ ಅದಲುಬದಲು ಮಾಡಿದರೆ, ಹೆಚ್ಚು ವ್ಯಾಪಾರವಿರುವ ಅಂಗಡಿಯ ಲಾಭ ಒಂದೇ ಹೆಸರಿಗೆ ಸಿಗದು.

ಆಯ್ಕೆಯಾದ ಹೆಸರಿನ ನೋಂದಣಿ ಅರ್ಜಿಯನ್ನು ಅದನ್ನು ಸೂಚಿಸಿದವರ ಹೆಸರಿನಲ್ಲಿ ಸಲ್ಲಿಸದೆ ಸಂಸ್ಥೆಯ ಹೆಸರಿನಲ್ಲೇ ಸಲ್ಲಿಸಬೇಕು. ಇಲ್ಲವಾದರೆ ಪಾಲುದಾರರೊಬ್ಬರು ಹೊರನಡೆದ ದಿನ ಹೆಸರಿನ ಒಡೆತನಕ್ಕಾಗಿ ಮತ್ತೊಂದು ವಿವಾದ ಏಳುತ್ತದೆ.