ಚೆಕ್ ಬೌನ್ಸ್ ಆಯಿತು, ದಿನ ಎಣಿಸುವುದು ಯಾವಾಗಿನಿಂದ?

ಚೆಕ್ ವಾಪಸಾದ ಮೇಲೆ ಜನ ವಕೀಲರ ಬಳಿಗೆ ಬರುವುದು ಸಾಮಾನ್ಯವಾಗಿ ತಡವಾಗಿ. ಚೆಕ್ ಕೊಟ್ಟವರು ‘ಮುಂದಿನ ವಾರ ಕೊಡ್ತೀನಿ, ಕೇಸ್ ಗೀಸ್ ಬೇಡ’ ಅಂದಿರುತ್ತಾರೆ, ಇವರು ನಂಬಿ ಕೂತಿರುತ್ತಾರೆ. ನಂಬುವುದು ತಪ್ಪಲ್ಲ. ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನಲ್ಲಿ ಬಾಯಿಮಾತಿನ ವಾಯಿದೆಗೆ ಬೆಲೆ ಇಲ್ಲ. ಚೆಕ್ ವಾಪಸಾದ ಮಾತ್ರಕ್ಕೆ ಅಪರಾಧವೂ ಆಗುವುದಿಲ್ಲ. ಲಿಖಿತ ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬಾರದಿದ್ದಾಗ ಮಾತ್ರ ಅದು ಅಪರಾಧ. ಹಾಗಾಗಿ ಎಲ್ಲವೂ ನಿಂತಿರುವುದು ಆ ನೋಟಿಸಿನ ಮೇಲೆ.

ಒಂದು ಲೆಕ್ಕ ನೋಡೋಣ. ಕಬ್ಬಿಣದ ವ್ಯಾಪಾರಿಯೊಬ್ಬರಿಗೆ ಗುತ್ತಿಗೆದಾರರು ಫೆಬ್ರವರಿ 10ರ ದಿನಾಂಕ ಹಾಕಿ 4,80,000 ರೂಪಾಯಿಯ ಚೆಕ್ ಕೊಟ್ಟಿದ್ದಾರೆ ಎನ್ನಿ. ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಬ್ಯಾಂಕಿನ ಮೆಮೊ ಮಾರ್ಚ್ 9ರಂದು ಕೈಸೇರುತ್ತದೆ. ನೋಟಿಸ್ ಕಳಿಸಲು ಅಲ್ಲಿಂದ 30 ದಿನ. ಮೆಮೊ ಸಿಕ್ಕಿದ ದಿನವನ್ನು ಬಿಟ್ಟು ಮಾರ್ಚ್ 10ರಿಂದ ಎಣಿಸಿದರೆ ಏಪ್ರಿಲ್ 8 ಕೊನೆಯ ದಿನ. ಇವರು ಮಾರ್ಚ್ 20ಕ್ಕೆ ನೋಟಿಸ್ ಕಳಿಸುತ್ತಾರೆ, ಅದು 24ಕ್ಕೆ ತಲುಪುತ್ತದೆ.

ಎಡವುವುದು ಇಲ್ಲಿಯೇ. 15 ದಿನ ಶುರುವಾಗುವುದು ನೋಟಿಸ್ ಬರೆದ ದಿನದಿಂದಲೂ ಅಲ್ಲ, ಅಂಚೆಗೆ ಹಾಕಿದ ದಿನದಿಂದಲೂ ಅಲ್ಲ, ಅದು ತಲುಪಿದ ದಿನದಿಂದ. 24ನ್ನು ಬಿಟ್ಟು ಎಣಿಸಿದರೆ ಏಪ್ರಿಲ್ 8ರ ತನಕ ಹಣ ಕೊಡಲು ಅವರಿಗೆ ಅವಕಾಶ. ಮಾರ್ಚ್ 20ರಿಂದ ಎಣಿಸಿ ಏಪ್ರಿಲ್ 6ಕ್ಕೇ ದೂರು ಹಾಕಿದರೆ ಅದು ಅವಧಿಗೆ ಮುಂಚಿನ ದೂರು, ನಿಲ್ಲುವುದಿಲ್ಲ. ದೂರಿಗೆ ಕಾರಣ ಹುಟ್ಟುವುದು ಏಪ್ರಿಲ್ 9ರಂದು. ಆ ದಿನವನ್ನೂ ಬಿಟ್ಟು ಒಂದು ತಿಂಗಳು, ಅಂದರೆ ಮೇ 9ರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ದಾಖಲಾಗಬೇಕು. ಇದು ಕ್ಯಾಲೆಂಡರ್ ತಿಂಗಳು, 30 ದಿನವಲ್ಲ. ಹಾಗಂತ ಕೊನೆಯ ದಿನಕ್ಕೆ ಕಾಯುವುದು ಬೇಡ.

ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ನೋಟಿಸ್ ತಡವಾದರೆ ಆ ದಾರಿ ಇಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಇನ್ನೂ ಮುಗಿದಿರದಿದ್ದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಿ, ಹೊಸ ಮೆಮೊ ಪಡೆದು, ಹೊಸದಾಗಿ ನೋಟಿಸ್ ಕೊಡಬಹುದು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಅವಧಿಯೂ ಮುಗಿದಿದ್ದರೆ ಉಳಿಯುವುದು ಸಿವಿಲ್ ದಾವೆ.

ನೋಟಿಸಿನಲ್ಲಿ ಕೇಳಬೇಕಾದದ್ದು ಚೆಕ್ಕಿನ ಮೊತ್ತ. ಬಡ್ಡಿ, ವಕೀಲರ ಫೀಸು ಎಲ್ಲ ಕೂಡಿಸಿ ‘5,37,000 ಕೊಡಿ’ ಎಂದು ಒಂದೇ ಅಂಕಿ ಬರೆದರೆ ನೋಟಿಸೇ ಬಿದ್ದುಹೋಗಬಹುದು. 4,80,000ವನ್ನು ಚೆಕ್ಕಿನ ಹಣವೆಂದೇ ಸ್ಪಷ್ಟವಾಗಿ ಕೇಳಿ, ಉಳಿದದ್ದೇನಾದರೂ ಇದ್ದರೆ ಬೇರೆ ಸಾಲಿನಲ್ಲಿ ಬರೆಯಿರಿ. ಚೆಕ್ ಕೊಟ್ಟ ಮೇಲೆ ಸ್ವಲ್ಪ ಹಣ ಬಂದಿದ್ದರೆ, ಪೂರ್ತಿ ಮೊತ್ತದ ಅದೇ ಚೆಕ್ಕನ್ನು ಹಾಗೇ ಬ್ಯಾಂಕಿಗೆ ಹಾಕಬೇಡಿ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸಬೇಕು ಎಂದು 2022ರ ತೀರ್ಪು ಹೇಳುತ್ತದೆ. ಬಾಕಿಗೆ ಹೊಸ ಚೆಕ್ ಪಡೆಯುವುದು ಇನ್ನೂ ಒಳ್ಳೆಯದು.

ಚೆಕ್ ಕೊಟ್ಟವರೂ ಒಂದು ತಪ್ಪನ್ನು ಪದೇಪದೇ ಮಾಡುತ್ತಾರೆ. ಅಂಚೆಯವರು ಬಂದಾಗ ನೋಟಿಸ್ ತೆಗೆದುಕೊಳ್ಳದಿದ್ದರೆ ಕೇಸೇ ಆಗುವುದಿಲ್ಲ ಎಂದುಕೊಳ್ಳುತ್ತಾರೆ. ವಿಳಾಸ ಸರಿಯಿದ್ದು, ‘ನಿರಾಕರಿಸಿದರು’ ಎಂಬ ಷರಾದೊಂದಿಗೆ ಲಕೋಟೆ ಮರಳಿದರೆ ಅದು ತಲುಪಿದಂತೆಯೇ ಲೆಕ್ಕ. ನಿಜಕ್ಕೂ ನೋಟಿಸ್ ಸಿಕ್ಕಿಲ್ಲದಿದ್ದರೆ, ಸಮನ್ಸ್ ಸಿಕ್ಕಿದ 15 ದಿನದೊಳಗೆ ಹಣ ಕಟ್ಟಿ ಕೇಸಿನಿಂದ ಹೊರಬರಲು 2007ರ ತೀರ್ಪು ದಾರಿ ಇಟ್ಟಿದೆ.

‘ಸಾಲ ಇತ್ತು ಅಂತ ಅವರೇ ಸಾಬೀತು ಮಾಡಲಿ’ ಎಂಬ ಧೈರ್ಯವೂ ನಿಲ್ಲುವುದಿಲ್ಲ. ಸಹಿ ನಿಮ್ಮದೇ ಎಂದಾದರೆ, ಚೆಕ್ ಕೊಟ್ಟದ್ದು ಸಾಲ ಅಥವಾ ಬಾಕಿ ತೀರಿಸಲೆಂದೇ ನ್ಯಾಯಾಲಯ 139ನೇ ಕಲಂ ಪ್ರಕಾರ ಭಾವಿಸಿಕೊಳ್ಳುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದರೂ ಅಷ್ಟೆ. ಹಾಗಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಆದರೆ ಸಂಶಯಾತೀತವಾಗಿ ತೋರಿಸಬೇಕಿಲ್ಲ, ನಿಮ್ಮ ಮಾತೇ ಹೆಚ್ಚು ಸಂಭವನೀಯ ಎಂದು ಕಂಡರೆ ಸಾಕು. ಕರ್ನಾಟಕದ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಡಿ. 2010ರ ರಂಗಪ್ಪ ಪ್ರಕರಣದಲ್ಲಿ ಆರೋಪಿ ಚೆಕ್ ಕಳೆದುಹೋಗಿತ್ತು ಎಂದರು, ನೋಟಿಸಿಗೆ ಮಾತ್ರ ಉತ್ತರ ಕೊಟ್ಟಿರಲಿಲ್ಲ. ಆ ಮೌನವೇ ಅವರಿಗೆ ಮುಳುವಾಯಿತು. 2019ರ ಬಸಲಿಂಗಪ್ಪ ಪ್ರಕರಣದಲ್ಲಿ 6 ಲಕ್ಷ ಕೈಸಾಲ ಕೊಡುವಷ್ಟು ಹಣ ದೂರುದಾರರ ಬಳಿ ಇತ್ತೇ ಎಂಬ ಪ್ರಶ್ನೆ ಎದ್ದಿತು. ಅವರು ಅದನ್ನು ತೋರಿಸಲಾಗಲಿಲ್ಲ, ಆರೋಪಿ ಬಿಡುಗಡೆಯಾದರು.

ಆದ್ದರಿಂದ ನೋಟಿಸ್ ಬಂದರೆ, ಹಣ ಕೊಡಬೇಕಿಲ್ಲ ಎಂಬುದು ನಿಮ್ಮ ನಿಲುವಾಗಿದ್ದರೆ, ಆ 15 ದಿನದೊಳಗೇ ಬರವಣಿಗೆಯಲ್ಲಿ ಉತ್ತರ ಕೊಡಿ. ಚೆಕ್ ಭದ್ರತೆಗೆಂದು ಕೊಟ್ಟದ್ದೇ, ಯಾವಾಗ ಕೊಟ್ಟಿರಿ, ಬಾಕಿ ಎಂದು ತೀರಿತು, ಅದಕ್ಕೆ ಯಾವ ರಸೀದಿ ಅಥವಾ ಖಾತೆಯ ವಿವರ ಇದೆ ಎಂಬುದೆಲ್ಲ ಅದರಲ್ಲಿರಲಿ. ಎರಡು ವರ್ಷ ಬಿಟ್ಟು ಪಾಟೀಸವಾಲಿನಲ್ಲಿ ಮೊದಲ ಸಲ ಹೇಳಿದ ಮಾತನ್ನು ನ್ಯಾಯಾಲಯ ಅನುಮಾನದಿಂದಲೇ ನೋಡುತ್ತದೆ.